ಅಪಾರ್ಟ್‌ಮೆಂಟ್ ಸಭೆಯಲ್ಲಿ ಹಸಿಕಸಕ್ಕೆ ಸಿಕ್ಕ ಎರಡು ನಿಮಿಷ

ಮೈಸೂರಿನ ವಿಜಯನಗರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ಬ್ಲಾಕು, ಬ್ಲಾಕಿಗೆ 16ರಂತೆ 48 ಮನೆ. ಹಸಿಕಸದಿಂದ ಇಲ್ಲೇ ಗೊಬ್ಬರ ಮಾಡೋಣ ಎಂದು ಸರ್ವಸದಸ್ಯರ ಸಭೆಯ ಮುಂದೆ ಪ್ರಸ್ತಾಪ ಇಡಲು ಕಾರ್ಯದರ್ಶಿಗಳು ಕೊಟ್ಟ ಸಮಯ ಎರಡು ನಿಮಿಷ. ಸರಿಯಾಗಿ ಬಳಸಿದರೆ ಅಷ್ಟು ಸಾಕು. ಆದರೆ ಆ ಎರಡು ನಿಮಿಷದಲ್ಲಿ ಆಡುವ ಒಂದೊಂದು ವಾಕ್ಯದ ಹಿಂದೆಯೂ ತೂಕವೋ ಅಳತೆಯೋ ಯಾರದಾದರೂ ಒಪ್ಪಿಗೆಯೋ ಮೊದಲೇ ಸಿದ್ಧವಿರಬೇಕು. ಅದನ್ನೆಲ್ಲ ಹೇಗೆ ಜೋಡಿಸಿಕೊಂಡೆವು, ಸಭೆಯಲ್ಲಿ ಏನು ಹೇಳಿದೆವು, ಆಮೇಲೆ ಏನಾಯಿತು ಎಂಬುದು ಇಲ್ಲಿದೆ.

ಮೊದಲ ಕೆಲಸ ಕಾರ್ಯಸೂಚಿಯದು. ಎಲ್ಲ ಸಭೆಯ ನೋಟಿಸಿನಲ್ಲೂ ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂದು ಒಂದು ಸಾಲು ಇರುತ್ತದೆ. ಹಸಿಕಸದ ಮಾತನ್ನು ಅಲ್ಲಿಗೆ ಬಿಡಬಾರದು. ಆ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ. ಜೊತೆಗೆ ಹಣ ಕೇಳುವ ವಿಷಯ ನೋಟಿಸಿನಲ್ಲಿ ಮೊದಲೇ ಇರದಿದ್ದರೆ ‘ಮುಂದಿನ ಸಭೆಯಲ್ಲಿ ನೋಡೋಣ’ ಎನ್ನಲು ಖಜಾಂಚಿಗೆ ಕಾರಣ ಸಿಕ್ಕಹಾಗಾಗುತ್ತದೆ. ನೋಟಿಸ್ ಹೊರಡುವ ಮೊದಲೇ ಕಾರ್ಯದರ್ಶಿಗೆ ಒಂದು ಪತ್ರ ಕೊಟ್ಟು, ‘ಎ ಬ್ಲಾಕಿನಲ್ಲಿ 90 ದಿನ ಹಸಿಕಸದ ಗೊಬ್ಬರ ಪ್ರಯೋಗ, ಖರ್ಚಿನ ಮಂಜೂರಾತಿ’ ಎಂದು ವಿಷಯವಾಗಿ ಸೇರಿಸಲು ಕೇಳಿದೆವು. ಲಿಫ್ಟಿನ ವಾರ್ಷಿಕ ಗುತ್ತಿಗೆಯ ನಂತರ, ಪಾರ್ಕಿಂಗ್ ಜಗಳಕ್ಕೆ ಮುಂಚೆ ಅದಕ್ಕೆ ಜಾಗ ಸಿಕ್ಕಿತು. ಪಾರ್ಕಿಂಗ್ ವಿಷಯ ಒಮ್ಮೆ ಎದ್ದಮೇಲೆ ಬೇರೆ ಯಾವ ಮಾತೂ ಯಾರ ಕಿವಿಗೂ ಬೀಳುವುದಿಲ್ಲ.

ಎರಡನೆಯದು ತೂಕ. ಮಹಾನಗರ ಪಾಲಿಕೆಯ ಗಾಡಿ ಬರುವ ಮುಂಚೆ, ಮೂರೂ ಬ್ಲಾಕಿನ ಹಸಿಕಸದ ಡ್ರಮ್ಮನ್ನು ಕೊಕ್ಕೆಯ ತೂಕದ ಯಂತ್ರಕ್ಕೆ ತೂಗುಹಾಕಿ ಒಂದು ವಾರ ಪೂರ್ತಿ ಬರೆದಿಟ್ಟೆವು. ಹಬ್ಬ ಇಲ್ಲದ ವಾರ ಆರಿಸಿಕೊಳ್ಳಬೇಕು, ಭಾನುವಾರ ಮಾತ್ರ ಬಿಡಬಾರದು. ಸರಾಸರಿ ದಿನಕ್ಕೆ 30 ಕಿಲೋ, ಭಾನುವಾರ 38. ಅಂದರೆ ಮನೆಗೆ ಆರುನೂರು ಗ್ರಾಂ ಚಿಲ್ಲರೆ. ತೂಗುವುದರ ಜೊತೆಗೆ ಡ್ರಮ್ಮುಗಳನ್ನು ಟಾರ್ಪಾಲಿನ ಮೇಲೆ ಸುರಿದು, ಹಸಿಕಸದೊಳಗೆ ಪ್ಲಾಸ್ಟಿಕ್ ಕವರು, ಡೈಪರು, ಹಾಲಿನ ಪ್ಯಾಕೆಟ್ ಎಷ್ಟಿವೆ ಎಂದು ನೋಡಿದೆವು. ಬೇರ್ಪಡಿಸುವುದು ಎ ಬ್ಲಾಕಿನಲ್ಲಿ ಚೆನ್ನಾಗಿತ್ತು, ಸಿ ಬ್ಲಾಕಿನಲ್ಲಿ ಬಹಳ ಕೆಟ್ಟಿತ್ತು. ಪ್ರಯೋಗಕ್ಕೆ ಎ ಬ್ಲಾಕನ್ನು ಆರಿಸಿದ್ದು ಇದೇ ಕಾರಣಕ್ಕೆ. ಅಲ್ಲಿ ದಿನಕ್ಕೆ ಸುಮಾರು 10 ಕಿಲೋ.

ಈ ತೂಕವಿಲ್ಲದೆ ಮಾತಿಗೆ ನಿಂತರೆ ಏನಾಗುತ್ತದೆಂದರೆ, ಕಾನೂನಿನ ಕಡೆಗೆ ಹೊರಳುವ ಆಸೆ ಬರುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರನ್ನು ದೊಡ್ಡ ಪ್ರಮಾಣದ ಕಸ ಉತ್ಪಾದಕರು ಎಂದು ಗುರುತಿಸಿದ್ದು ನಿಜ. ಆದರೆ ನಮ್ಮಲ್ಲಿ ಒಣಕಸ ಸೇರಿಸಿದರೂ ಅಷ್ಟಾಗುವುದಿಲ್ಲ. ‘ಮಾಡದಿದ್ದರೆ ದಂಡ ಬೀಳತ್ತೆ’ ಎಂದು ಹೆದರಿಸಿದರೆ ಸಭೆಯಲ್ಲಿರುವ ವಕೀಲರೊಬ್ಬರು ಅಲ್ಲೇ ಹಿಡಿಯುತ್ತಾರೆ, ಆಮೇಲೆ ನಿಜವಾದ ಅಂಕಿಯನ್ನೂ ಯಾರೂ ನಂಬುವುದಿಲ್ಲ. 2015 ಮತ್ತು 2016ರಲ್ಲಿ ಮೈಸೂರು ದೇಶದ ಅತಿ ಸ್ವಚ್ಛ ನಗರ ಎನ್ನಿಸಿಕೊಂಡದ್ದನ್ನೂ ಭಾಷಣಕ್ಕೆ ಸೇರಿಸಲಿಲ್ಲ. ಅದು ಅಲ್ಲಿ ಕೂತ ಎಲ್ಲರಿಗೂ ಗೊತ್ತು, ಹೇಳಲು ಹತ್ತು ಸೆಕೆಂಡು ಹೋಗುತ್ತದೆ, ಮತ್ತು ಅದರಿಂದ ಯಾರೂ ಕೈ ಎತ್ತುವುದಿಲ್ಲ.

ಮೂರನೆಯದು ಜಾಗ. ಕಾಂಪೌಂಡಿನೊಳಗೆ ಎಲ್ಲಿ ಇಟ್ಟರೂ ಯಾರದೋ ಕಿಟಕಿ ಹತ್ತಿರವಾಗುತ್ತದೆ. ಮಳೆಗಾಲದಲ್ಲಿ ಮೈಸೂರಿಗೆ ಗಾಳಿ ಬೀಸುವುದು ಪಶ್ಚಿಮ, ನೈರುತ್ಯದ ಕಡೆಯಿಂದ. ಹಾಗಾಗಿ ಕಟ್ಟಡದ ಪೂರ್ವಕ್ಕೆ ತೊಟ್ಟಿ ಇದ್ದರೆ ಗಾಳಿ ಹೊರಗೆ ಹೋಗುತ್ತದೆ. ಈಶಾನ್ಯದಲ್ಲಿ ಜಾಗ ಖಾಲಿ ಇತ್ತು, ಆದರೆ ಅಲ್ಲಿ ಸಂಪು ಇದೆ. ಕುಡಿಯುವ ನೀರಿನ ಸಂಪಿನ ಪಕ್ಕ ಗೊಬ್ಬರದ ತೊಟ್ಟಿ ಇಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಈಶಾನ್ಯದಲ್ಲಿ ಕಸ ಇಡಬಾರದೆಂಬ ವಾಸ್ತುವಿನ ಮಾತು ಹಲವು ಮನೆಗಳಲ್ಲಿ ಗಟ್ಟಿಯಾಗಿಯೇ ಇದೆ, ಅದನ್ನು ವಾದಕ್ಕೆ ಎಳೆಯುವ ಅಗತ್ಯವೇ ಬೀಳಲಿಲ್ಲ. ಆಗ್ನೇಯ ಮೂಲೆಯಲ್ಲಿ ಜನರೇಟರ್ ಇದೆ. ಅದರ ಪಕ್ಕ ಹತ್ತು ಅಡಿಗೆ ಆರಡಿ ನೆಲ ಸಿಮೆಂಟಾಗಿದೆ, ಮೇಲೆ ಯಾರ ಬಾಲ್ಕನಿಯೂ ಇಲ್ಲ. ಜಾಗ ಅಲ್ಲೇ ಎಂದು ಸಭೆಗೆ ಮುಂಚೆಯೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದಿಟ್ಟೆವು. ‘ಎಲ್ಲೋ ಹಿಂದುಗಡೆ’ ಎಂದರೆ ಪ್ರತಿಯೊಬ್ಬರೂ ಅದು ತಮ್ಮ ಕಿಟಕಿ ಕೆಳಗೇ ಎಂದುಕೊಳ್ಳುತ್ತಾರೆ. ಚೌಕ ಕಂಡವರು ಹಾಗೆ ಅಂದುಕೊಳ್ಳುವುದಿಲ್ಲ.

ನಾಲ್ಕನೆಯದು, ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಈ ಕೆಲಸ ದಿನಾ ಮಾಡಬೇಕಾದವರನ್ನು ಮೊದಲು ಕೇಳುವುದು. ಹೌಸ್‌ಕೀಪಿಂಗಿನ ಅಮ್ಮನವರ ಹತ್ತಿರ ಕೂತು ಏನೇನು ಕೆಲಸ, ಎಷ್ಟು ಹೊತ್ತು ಎಂದು ವಿವರಿಸಿದೆವು. ಅವರು ಹೇಳಿದ ಷರತ್ತು ಎರಡೇ. ‘ಬ್ಲೇಡು, ಗಾಜು, ಪ್ಯಾಡು ಹಸಿಕಸದಲ್ಲಿ ಬಂದ್ರೆ ನಾನು ಕೈ ಹಾಕಲ್ಲ ಸಾರ್. ದುಡ್ಡು ಸಂಬಳದಲ್ಲಿ ಸೇರಿಸಿ ಕೊಡಬೇಡಿ, ಬೇರೆ ಕೊಡಿ.’ ಎರಡೂ ನ್ಯಾಯವಾದ ಮಾತು. ಬೇರೆ ಲೆಕ್ಕದಲ್ಲಿ ಬರೆದ ಹಣ ಮುಂದಿನ ವರ್ಷ ಸಂಬಳ ಕೂಡಿಸುವಾಗ ಮಾಯವಾಗುವುದಿಲ್ಲ. ಅವರ ಒಪ್ಪಿಗೆ ಇಲ್ಲದೆ ‘ನಮ್ಮ ಹೌಸ್‌ಕೀಪಿಂಗ್‌ನವರು ಮಾಡ್ತಾರೆ’ ಎಂದು ಸಭೆಯಲ್ಲಿ ಹೇಳುವ ಹಕ್ಕು ಯಾರಿಗೂ ಇಲ್ಲ.

ಇನ್ನು ಏನು ಕೇಳಬೇಕು ಎಂಬುದು. 48 ಮನೆಗೂ ಒಟ್ಟಿಗೇ ಮಾಡುವುದಾದರೆ ನಾಲ್ಕಡಿ ಉದ್ದ, ಅಗಲ, ಎತ್ತರದ ಜಾಲರಿ ತೊಟ್ಟಿ ಮೂರು ಬೇಕು: ಒಂದು ತುಂಬುತ್ತಿರುವಾಗ ಎರಡು ಮಾಗುತ್ತಿರುತ್ತವೆ. ಒಂದೊಂದು ತೊಟ್ಟಿ ಸುಮಾರು 1,800 ಲೀಟರು ಹಿಡಿಯುತ್ತದೆ, 48 ಮನೆಯ ಕಸ ಮತ್ತು ಎಲೆ ಕುಗ್ಗುತ್ತಾ ಕುಗ್ಗುತ್ತಾ ಅದನ್ನು ತುಂಬಲು ಹೆಚ್ಚೂಕಡಿಮೆ ಒಂದು ತಿಂಗಳು. ಮೂರನೆಯದು ತುಂಬುವ ಹೊತ್ತಿಗೆ ಮೊದಲನೆಯದು ಎರಡು ತಿಂಗಳು ಮಾಗಿರುತ್ತದೆ. ಇದರ ಜೊತೆ ಒಣಎಲೆಗೆ ಇನ್ನೊಂದು, ಮೇಲೆ ಶೀಟು, ಸಾಮಾನು ಎಲ್ಲ ಸೇರಿದರೆ ದೊಡ್ಡ ಮೊತ್ತವಾಗುತ್ತದೆ. ಎರಡು ನಿಮಿಷದಲ್ಲಿ ಅಷ್ಟು ಹಣ ಕೇಳಿದರೆ ಉತ್ತರ ‘ಕಮಿಟಿ ಮಾಡೋಣ’. ಹಾಗಾಗಿ ಒಂದು ಬ್ಲಾಕು, ಒಂದು ತೊಟ್ಟಿ, ಒಂದು ಎಲೆಗೂಡಿಗೆ ಇಳಿಸಿದೆವು. 16 ಮನೆಯ ಕಸಕ್ಕೆ ಒಂದೇ ತೊಟ್ಟಿ ಮೂರು ತಿಂಗಳು ಸಾಲುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಆಂಗಲ್ ಚೌಕಟ್ಟಿಗೆ ಜಾಲರಿ ಬಿಗಿದು ಕೊಡಲು ಒಂದಕ್ಕೆ 9,000 ರೂಪಾಯಿ ಹೇಳಿದರು, ಎರಡಕ್ಕೆ 18,000. ಫೋರ್ಕು, ಜರಡಿ, ಬಕೆಟ್ಟು, ಕೈಗವಸು, ಗಂಬೂಟು, ಟಾರ್ಪಾಲು ಎಲ್ಲಕ್ಕೂ 6,000. ಕೆಲಸಕ್ಕೆ ತಿಂಗಳಿಗೆ 1,500ರಂತೆ ಮೂರು ತಿಂಗಳಿಗೆ 4,500. ಒಟ್ಟು 28,500.

ಮಾತು ಬರೆಯುವಾಗ ಒಂದು ಅಳತೆ ಇಟ್ಟುಕೊಂಡಿದ್ದೆವು. ಮೈಕಿನಲ್ಲಿ, ಹಿರಿಯರಿಗೂ ಕೇಳುವಂತೆ ನಿಧಾನವಾಗಿ ಕನ್ನಡ ಮಾತಾಡಿದರೆ ನಿಮಿಷಕ್ಕೆ ನೂರು, ನೂರಾಹತ್ತು ಪದ. ಎರಡು ನಿಮಿಷಕ್ಕೆ ಇನ್ನೂರು ಚಿಲ್ಲರೆ. ಅದರಲ್ಲಿ ಮೂರನೇ ಒಂದು ಭಾಗ ವಾಸನೆಗೇ ಮೀಸಲಿಟ್ಟೆವು, ಏಕೆಂದರೆ ಗೊಬ್ಬರ ಬೇಡ ಎನ್ನುವವರು ಬಹಳ ಕಡಿಮೆ, ವಾಸನೆ ಬೇಡ ಎನ್ನುವವರು ಎಲ್ಲರೂ. ಸಭೆಯಲ್ಲಿ ಹೇಳಿದ್ದು ಇದು:

‘ಎಲ್ಲರಿಗೂ ನಮಸ್ಕಾರ. ಒಂದು ವಾರ ನಮ್ಮ 48 ಮನೆಗಳ ಹಸಿಕಸ ತೂಕ ಹಾಕಿದ್ವಿ. ದಿನಕ್ಕೆ 30 ಕಿಲೋ, ಭಾನುವಾರ 38. ಗೇಟಿನ ಹತ್ರ ನಾಯಿ ಚೀಲ ಎಳೆಯೋದು, ಗಾಡಿ ಬರದ ದಿನ ನೊಣ ಮುತ್ತೋದು, ನೀರು ಸೋರೋದು, ಎಲ್ಲಾ ಈ 30 ಕಿಲೋದಿಂದ.

ಇದರಲ್ಲಿ ಎ ಬ್ಲಾಕಿನ 10 ಕಿಲೋ ಮಾತ್ರ, 90 ದಿನ ಮಾತ್ರ, ಇಲ್ಲೇ ಗೊಬ್ಬರ ಮಾಡಿ ನೋಡೋಣ ಅಂತ ಕೇಳ್ತಿದೀವಿ. ಜಾಗ ಜನರೇಟರ್ ಪಕ್ಕ. ಸೀಮೆಸುಣ್ಣದ ಗುರುತು ನೀವೆಲ್ಲ ನೋಡಿದೀರಿ. ನಾಲ್ಕಡಿ ಜಾಲರಿ ತೊಟ್ಟಿ ಒಂದು, ಒಣಎಲೆಗೆ ಇನ್ನೊಂದು.

ವಾಸನೆ ಬರಲ್ವಾ? ಹಸಿಕಸ ಹಾಗೇ ಬಿಟ್ರೆ ಖಂಡಿತ ಬರತ್ತೆ. ಅದರಲ್ಲಿ ಮುಕ್ಕಾಲು ಭಾಗ ನೀರು. ನೀರು ತುಂಬ್ಕೊಂಡು ಗಾಳಿ ಆಡದಿದ್ರೆ ಕೊಳೆಯತ್ತೆ. ಒಂದು ಬಕೆಟ್ ಹಸಿಕಸಕ್ಕೆ ಒಂದು ಬಕೆಟ್ ಪುಡಿ ಮಾಡಿದ ಒಣಎಲೆ ಬೆರೆಸಿದ್ರೆ ಎಲೆ ಆ ನೀರು ಹೀರ್ಕೊಳತ್ತೆ, ಒಳಗೆ ಗಾಳಿ ಆಡತ್ತೆ. ಈ ಡಬ್ಬದಲ್ಲಿರೋದು ಇಪ್ಪತ್ತು ದಿನದ ಹಿಂದಿನ ತರಕಾರಿ ಸಿಪ್ಪೆ, ಅನ್ನ, ಹೂವು. ಕೈಯಿಂದ ಕೈಗೆ ಕಳಿಸ್ತೀನಿ, ಮುಚ್ಚಳ ತೆಗೆದು ನೀವೇ ಮೂಸಿ ನೋಡಿ. ಪ್ರಯೋಗ ನಡೀವಾಗ ವಾಸನೆ ಅಂತ ದೂರು ಬಂದು 48 ಗಂಟೆಯಲ್ಲಿ ಸರಿಹೋಗದಿದ್ರೆ, ತೊಟ್ಟಿ ಖಾಲಿ ಮಾಡಿಸ್ತೀವಿ. ಇದನ್ನ ನಡಾವಳಿಯಲ್ಲಿ ಬರೆಸಿ.

ದಿನಕ್ಕೆ ಅರ್ಧ ಗಂಟೆ ಕೆಲಸ. ಹೌಸ್‌ಕೀಪಿಂಗ್‌ನವರನ್ನ ಕೇಳಿದೀವಿ, ಒಪ್ಪಿದಾರೆ. ಅದಕ್ಕೆ ತಿಂಗಳಿಗೆ 1,500 ಬೇರೆ ಕೊಡಬೇಕು. ಮನೆಯವರು ಮಾಡಬೇಕಾದ್ದು ಒಂದೇ: ಹಸಿಕಸ ಕವರಿನಲ್ಲಿ ಕಟ್ಟಬೇಡಿ, ಗಾಜು, ಪ್ಯಾಡು ಅದರಲ್ಲಿ ಹಾಕಬೇಡಿ.

ಎಲ್ಲಾ ಸೇರಿ 28,500 ರೂಪಾಯಿ, ಮನೆಗೆ 600ರ ಒಳಗೆ. ಈಗಿರೋ ನಿಧಿಯಿಂದ ಕೊಡಿ, ಯಾರಿಗೂ ಹೊಸ ವಂತಿಗೆ ಬೇಡ. 90 ದಿನ ಆದಮೇಲೆ ಲೆಕ್ಕ, ಗೊಬ್ಬರ ಎರಡೂ ನಿಮ್ಮ ಮುಂದೆ ಇಡ್ತೀವಿ. ಮುಂದುವರಿಸೋದು, ಬಿಡೋದು ಆಗ ನೀವು ತೀರ್ಮಾನ ಮಾಡಿ. ಈ 90 ದಿನಕ್ಕೆ ಒಪ್ಪಿಗೆ ಕೊಡಿ ಅಂತ ಕೇಳ್ಕೊತೀನಿ.’

ಇದರಲ್ಲಿ ಡಬ್ಬದ ಬಗ್ಗೆ ಸ್ವಲ್ಪ ಹೇಳಬೇಕು. ಇಪ್ಪತ್ತು ದಿನದ ಗೊಬ್ಬರ ಇನ್ನೂ ಪೂರ್ತಿ ಮಾಗಿರುವುದಿಲ್ಲ, ಮಾಗಿರಲೂಬಾರದು. ಅಂಗಡಿಯಿಂದ ತಂದ ಕಪ್ಪು ಪುಡಿ ತೋರಿಸಿದರೆ ಜನ ಮಣ್ಣು ಎನ್ನುತ್ತಾರೆ. ನಮ್ಮ ಡಬ್ಬದಲ್ಲಿ ಮೊಟ್ಟೆಚಿಪ್ಪಿನ ಚೂರು, ನಿಂಬೆಹಣ್ಣಿನ ಕಂದು ಸಿಪ್ಪೆ, ಸೇವಂತಿಗೆಯ ತೊಟ್ಟು ಇನ್ನೂ ಗುರುತು ಸಿಗುವಂತಿದ್ದವು. ಅನ್ನ ಮಾತ್ರ ಎಲ್ಲೂ ಇರಲಿಲ್ಲ. ಮೂಸಿದರೆ ಒದ್ದೆ ಎಲೆಯ ವಾಸನೆ. ನಿನ್ನೆಯ ಅಡುಗೆಮನೆಯ ಕಸವೇ ಇದು ಎಂದು ಕಣ್ಣಿಗೆ ಕಾಣುತ್ತದೆ, ಮೂಗಿಗೆ ಹಾಗನ್ನಿಸುವುದಿಲ್ಲ. ಡಬ್ಬಕ್ಕೆ ಮುಚ್ಚಳದಲ್ಲಿ ತೂತು ಇರಲೇಬೇಕು. ಗಾಳಿಯಾಡದ ಡಬ್ಬದಲ್ಲಿ ರಾತ್ರಿಯಿಡೀ ಮುಚ್ಚಿಟ್ಟರೆ ಬೆಳಗ್ಗೆ ಹುಳಿ ವಾಸನೆ ಹೊಡೆದು, ಹೇಳಿದ ಮಾತಿಗೆ ಡಬ್ಬವೇ ಎದುರು ಸಾಕ್ಷಿ ನುಡಿಯುತ್ತದೆ.

ಒಂದಕ್ಕೊಂದು ಬಕೆಟ್ ಎಂಬ ಪ್ರಮಾಣ ಗಾತ್ರದ್ದು, ತೂಕದ್ದಲ್ಲ. 20 ಲೀಟರ್ ಬಕೆಟ್ಟಿನಲ್ಲಿ ಹಸಿಕಸ ಒಂಬತ್ತು ಹತ್ತು ಕಿಲೋ ತೂಗುತ್ತದೆ, ಪುಡಿ ಎಲೆ ಎರಡು ಕಿಲೋ. ಎರಡು ಬಕೆಟ್ ಕಸಕ್ಕೆ ಒಂದು ಬಕೆಟ್ ಎಲೆ ಸಾಕು ಎಂದು ಹಲವರು ಹೇಳುತ್ತಾರೆ. ಬರೀ ತರಕಾರಿ ಸಿಪ್ಪೆಗೆ ಬೇಸಿಗೆಯಲ್ಲಿ ನಡೆಯಬಹುದು. ಆದರೆ ನಮ್ಮ ಮನೆಗಳ ಹಸಿಕಸವೆಂದರೆ ಅನ್ನ, ಸಾರಿನ ಗಟ್ಟಿ, ಕಲ್ಲಂಗಡಿ ಸಿಪ್ಪೆ, ಕಾಫಿ ಚರಟ. ಅಷ್ಟು ಎಲೆಗೆ ಇದರ ನೀರು ಹಿಡಿಯುವುದಿಲ್ಲ. ಸರಿಯಾಗಿದೆಯೇ ಎಂದು ತಿಳಿಯಲು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡಬೇಕು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ಧಾರೆ ಇಳಿದರೆ ಎಲೆ ಕಡಿಮೆಯಾಗಿದೆ, ಏನೂ ಬರದೆ ಉದುರಿದರೆ ನೀರು ಚಿಮುಕಿಸಬೇಕು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಗಟ್ಟಿಯಾದದ್ದು ಮೆಷಿನ್ನಿನದು. ‘ಇದೆಲ್ಲ ಯಾಕ್ರೀ, 24 ಗಂಟೆಯಲ್ಲಿ ಗೊಬ್ಬರ ಮಾಡೋ ಮೆಷಿನ್ ಬರತ್ತಂತಲ್ಲ, ತಂದುಬಿಡೋಣ’ ಎಂದರು ಮೂರನೇ ಮಹಡಿಯ ಹಿರಿಯರು. ಸದುದ್ದೇಶದ ಪ್ರಶ್ನೆ, ಹಾಗಾಗಿ ಉತ್ತರವನ್ನೂ ಹಾಗೇ ಕೊಡಬೇಕು. 24 ಗಂಟೆಯ ಯಂತ್ರಗಳಲ್ಲಿ ಹೆಚ್ಚಿನವು ಕಸವನ್ನು ಕಾಯಿಸಿ, ಪುಡಿ ಮಾಡಿ, ಒಣಗಿಸುತ್ತವೆ. ಹೊರಗೆ ಬರುವ ಕಂದು ಪುಡಿ ನೋಡಲು ಗೊಬ್ಬರದ ಹಾಗಿರುತ್ತದೆ, ಆದರೆ ಅದು ಒಣಗಿದ ಆಹಾರ. ಅದಕ್ಕೆ ನೀರು ತಾಕಿಸಿ ಎರಡು ದಿನ ಇಟ್ಟರೆ ಮತ್ತೆ ಬಿಸಿಯಾಗಿ ನಾರುತ್ತದೆ, ಕುಂಡಕ್ಕೆ ಹಾಕಿದರೆ ಗಿಡದ ಬೇರು ಸುಡುತ್ತದೆ. ಅದನ್ನೂ ಕೆಲವು ವಾರ ಮಾಗಿಸಲೇಬೇಕು. ಅಂದರೆ ತೊಟ್ಟಿಯ ಖರ್ಚು ಉಳಿಯುವುದಿಲ್ಲ, ಮೇಲೆ ಕರೆಂಟಿನ ಬಿಲ್ಲು ಸೇರುತ್ತದೆ. ನೂರಾರು ಮನೆಗಳಿದ್ದು ಜಾಗವೇ ಇಲ್ಲದ ಕಡೆ ಕಸ ಕತ್ತರಿಸುವ ಯಂತ್ರಕ್ಕೆ ಅರ್ಥವಿದೆ. ದಿನಕ್ಕೆ 30 ಕಿಲೋಗೆ ಬೇಕಿಲ್ಲ.

ಇಲಿಯ ಬಗ್ಗೆ ಕೇಳಿದವರು ನೆಲಮಹಡಿಯವರು. ಅವರ ಆತಂಕ ನಿಜವಾದದ್ದು. ತೊಟ್ಟಿಯ ಸುತ್ತ ಅರ್ಧ ಇಂಚು ಕಣ್ಣಿನ ಜಾಲರಿ, ತಳಕ್ಕೆ ಸುಂಡಿಲಿಯೂ ನುಸುಳದ ಕಾಲಿಂಚಿನದು, ಇಡೀ ತೊಟ್ಟಿ ಇಟ್ಟಿಗೆ ಮೇಲೆ ಅರ್ಧ ಅಡಿ ಎತ್ತರ. ಕಸ ಹಾಕಿದ ತಕ್ಷಣ ನಾಲ್ಕು ಬೆರಳು ದಪ್ಪ ಎಲೆ ಮುಚ್ಚುವುದು ತಪ್ಪಬಾರದು. ಮಾಂಸ, ಮೂಳೆ, ಮೀನು ಪ್ರಯೋಗದಲ್ಲಿ ಬೇಡ, ಅವು ಈಗಿನಂತೆ ಪಾಲಿಕೆ ಗಾಡಿಗೇ ಹೋಗಲಿ ಎಂದೆವು. ತೆಂಗಿನ ಚಿಪ್ಪು, ಎಳನೀರು ಬುರುಡೆ, ಮಾವಿನ ಓಟೆ ಕೂಡ ಬೇಡ. ಅವು ಕೊಳೆತು ನಾರುವುದಿಲ್ಲ, ಆದರೆ 90 ದಿನ ಕಳೆದರೂ ಹಾಗೇ ಇದ್ದು ಜಾಗ ತಿನ್ನುತ್ತವೆ.

‘ಗೊಬ್ಬರ ಮಾರಿದರೆ ಎಷ್ಟು ಬರತ್ತೆ?’ ಎಂದು ಖಜಾಂಚಿಗಳು ಕೇಳಿದರು. ಇದಕ್ಕೆ ಉತ್ಸಾಹದಿಂದ ಉತ್ತರ ಕೊಟ್ಟರೆ ಯೋಜನೆ ಕೆಡುತ್ತದೆ. ಹಾಕಿದ ಹಸಿಕಸದ ತೂಕದಲ್ಲಿ ಗೊಬ್ಬರವಾಗಿ ಸಿಗುವುದು ಐದನೇ ಒಂದು ಭಾಗ ಅಥವಾ ಇನ್ನೂ ಕಡಿಮೆ. 90 ದಿನದಲ್ಲಿ 900 ಕಿಲೋ ಹಾಕಿದರೆ ಹೆಚ್ಚೆಂದರೆ 180 ಕಿಲೋ, ಅದೂ ತೊಟ್ಟಿಯ ಮೇಲುಭಾಗ ಮಾಗಿದ ನಂತರ. ಅದು ನಮ್ಮದೇ ಕುಂಡಗಳಿಗೆ, ಕಾಂಪೌಂಡಿನ ಗಿಡಗಳಿಗೆ ಆಗುತ್ತದೆ. ಆದಾಯ ಎಂದು ಬರೆದುಕೊಳ್ಳಬೇಡಿ ಎಂದೇ ಹೇಳಿದೆವು.

ನಡಾವಳಿ ಪುಸ್ತಕದಲ್ಲಿ ಏನು ಬರೆಯುತ್ತಾರೆ ಎಂಬುದನ್ನು ಅವರಿಗೇ ಬಿಡಬಾರದು. ‘ಹಸಿಕಸದ ಬಗ್ಗೆ ಚರ್ಚಿಸಲಾಯಿತು’ ಎಂದು ಬರೆದರೆ ಮಂಜೂರಾತಿ ಸಿಕ್ಕಿಲ್ಲ ಎಂದೇ ಅರ್ಥ. ನಾವು ಮೊದಲೇ ಟೈಪ್ ಮಾಡಿಸಿ ತಂದಿದ್ದ ಚೀಟಿಯಲ್ಲಿ ಇದ್ದದ್ದು: ‘ಎ ಬ್ಲಾಕಿನ 16 ಮನೆಗಳ ಹಸಿಕಸದಿಂದ ಜನರೇಟರ್ ಪಕ್ಕದ ಜಾಗದಲ್ಲಿ 90 ದಿನಗಳ ಪ್ರಾಯೋಗಿಕ ಗೊಬ್ಬರ ತಯಾರಿಕೆಗೆ ನಿರ್ವಹಣಾ ನಿಧಿಯಿಂದ ರೂ. 28,500 ಮೀರದಂತೆ ವೆಚ್ಚ ಮಾಡಲು ಒಪ್ಪಿಗೆ ನೀಡಲಾಯಿತು. ವಾಸನೆಯ ದೂರು 48 ಗಂಟೆಯಲ್ಲಿ ಪರಿಹಾರವಾಗದಿದ್ದಲ್ಲಿ ಪ್ರಯೋಗ ನಿಲ್ಲಿಸತಕ್ಕದ್ದು.’ ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಂಬುದೂ ಅದರ ಕೆಳಗೆ. ನೆಲಮಹಡಿಯವರೇ ಅನುಮೋದಿಸಿದರು. ಅವರ ಮನಸ್ಸು ಒಪ್ಪಿಸಿದ್ದು ಆ ಎರಡನೇ ವಾಕ್ಯ.

48 ಗಂಟೆ ಎಂದು ಧೈರ್ಯವಾಗಿ ಬರೆಸಿದ್ದಕ್ಕೆ ಕಾರಣವಿದೆ. ತೊಟ್ಟಿ ನಾರುವುದಕ್ಕೆ ಕಾರಣಗಳು ಬೆರಳೆಣಿಕೆ, ಅವು ಮೂಗಿಗೇ ಗೊತ್ತಾಗುತ್ತವೆ. ಹುಳಿ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ನೀರು ಹೆಚ್ಚು, ಗಾಳಿ ಇಲ್ಲ. ಮೂತ್ರದಂತೆ ಮೂಗಿಗೆ ಚುಚ್ಚುವ ವಾಸನೆ ಬಂದರೆ ಎಲೆಗೆ ಹೋಲಿಸಿ ಹಸಿ ಪದಾರ್ಥ ಹೆಚ್ಚಾಗಿ ಸಾರಜನಕ ಅಮೋನಿಯಾ ಆಗಿ ಹೋಗುತ್ತಿದೆ. ಎರಡಕ್ಕೂ ಮದ್ದು ಒಂದೇ: ಫೋರ್ಕಿನಿಂದ ಮಗುಚಿ ಒಣಎಲೆ ಬೆರೆಸುವುದು. ಗಾಳಿ ಒಳಹೊಕ್ಕ ಮೇಲೆ ವಾಸನೆ ಒಂದೆರಡು ದಿನದಲ್ಲಿ ಹೋಗುತ್ತದೆ.

ಪ್ರಯೋಗ ಶುರುವಾದ ಮೇಲೆ ಅದಕ್ಕೆ ಪರೀಕ್ಷೆಯೂ ಬಂತು. ತಳಕ್ಕೆ ಒಂದು ಅಡಿ ಒರಟು ಎಲೆ, ಸಣ್ಣ ಕಡ್ಡಿ ಹಾಸಿ, ಒಂದು ಬಕೆಟ್ ಸಗಣಿ ನೀರು ಚಿಮುಕಿಸಿ ತೊಟ್ಟಿ ಆರಂಭಿಸಿದ್ದೆವು. ದಿನಾ ಬೆಳಗ್ಗೆ ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿಟ್ಟು, ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ ನೋಡುವ ಅಭ್ಯಾಸ. ಹಿಡಿದುಕೊಳ್ಳಲಾಗದಷ್ಟು ಬಿಸಿಯಿದ್ದರೆ ತೊಟ್ಟಿ ಚೆನ್ನಾಗಿ ನಡೆಯುತ್ತಿದೆ, 55 ಡಿಗ್ರಿಯ ಆಸುಪಾಸಿದೆ ಎಂದು ಅರ್ಥ. ಒಂದು ಮನೆಯಲ್ಲಿ ಸೀಮಂತ ನಡೆದ ಮಾರನೇ ದಿನ ಉಳಿದ ಅನ್ನ, ಹುಳಿ, ಪಾಯಸ ಎಲ್ಲ ಒಟ್ಟಿಗೇ ತೊಟ್ಟಿಗೆ ಬಿತ್ತು. ಎರಡನೇ ದಿನ ಸರಳು ತಣ್ಣಗೆ ಬಂತು, ತುದಿಯಲ್ಲಿ ಲೋಳೆ ಅಂಟಿತ್ತು, ಸಂಜೆಗೆ ಸೆಕ್ಯೂರಿಟಿ ಪುಸ್ತಕದಲ್ಲಿ ದೂರು ಬರೆದಿದ್ದರು. ಅನ್ನ ಮುದ್ದೆಯಾಗಿ ಕೂತರೆ ಅದರೊಳಗೆ ಗಾಳಿ ಹೋಗುವುದೇ ಇಲ್ಲ, ಅದೇ ಇದಕ್ಕೆ ಕಾರಣ. ಮೇಲಿನ ಒಂದೂವರೆ ಅಡಿಯನ್ನು ಟಾರ್ಪಾಲಿನ ಮೇಲೆ ತೆಗೆದು, ಅನ್ನದ ಮುದ್ದೆಗಳನ್ನು ಒಡೆದು, ಮೂರು ಗೋಣಿಚೀಲ ಎಲೆ ಕಲಸಿ ಮತ್ತೆ ತುಂಬಿದೆವು. ಮಾರನೇ ದಿನ ಸಂಜೆಗೆ ವಾಸನೆ ಹೋಯಿತು. ದೂರು ಬರೆದವರನ್ನೇ ಕರೆದು ತೋರಿಸಿ, ಅದೇ ಪುಟದಲ್ಲಿ ‘ಸರಿಹೋಗಿದೆ’ ಎಂದು ಅವರ ಸಹಿ ತೆಗೆದುಕೊಂಡೆವು. ಆಮೇಲೆ ಸಮಾರಂಭವಿರುವ ಮನೆಯವರು ಹಿಂದಿನ ದಿನವೇ ತಿಳಿಸುವ ಏರ್ಪಾಡಾಯಿತು. ಸಾರು, ಹುಳಿ ಬಸಿದು ಗಟ್ಟಿಯನ್ನು ಮಾತ್ರ, ಎರಡು ಮೂರು ದಿನಕ್ಕೆ ಹಂಚಿ ಹಾಕುವುದು.

ಇದೇ ತೊಂದರೆ ದೊಡ್ಡದಾಗಿ ಬರುವುದು ದಸರಾದಲ್ಲಿ. ಆಯುಧಪೂಜೆಯ ಮಾರನೇ ದಿನ ಬೂದುಗುಂಬಳ, ಬಾಳೆಕಂದು, ಸೇವಂತಿಗೆ ಹಾರ ಎಲ್ಲ ಒಟ್ಟಿಗೆ ಬರುತ್ತವೆ. ಬೂದುಗುಂಬಳದಲ್ಲಿ ನೀರೇ ಹೆಚ್ಚು, ಕುಂಕುಮ ಹಚ್ಚಿ ಒಳಗಿಟ್ಟ ನಾಣ್ಯ ತೆಗೆಯದೆ ಹಾಗೇ ಬಂದಿರುತ್ತದೆ. ಹೋಳು ಮಾಡಿ ಒಂದು ದಿನ ಬಿಸಿಲಿಗೆ ಹಾಕಿ, ಆಮೇಲೆ ಎರಡು ಪಾಲು ಎಲೆಯೊಂದಿಗೆ ಹಾಕಬೇಕು. ಬಾಳೆಕಂದನ್ನು ಬೆರಳುದ್ದ ಕೊಚ್ಚದೆ ಹಾಕಿದರೆ ನಾರು ಫೋರ್ಕಿಗೆ ಸುತ್ತಿಕೊಂಡು ಮಗುಚಲಾಗುವುದಿಲ್ಲ.

ಹುಳುವಿನ ವಿಷಯ ಮನೆಯವರಿಗೆ ಮುಂಚೆಯೇ ಹೇಳಿಟ್ಟದ್ದು ಒಳ್ಳೆಯದಾಯಿತು. ಬೂದು ಕಂದು ಬಣ್ಣದ, ಚಪ್ಪಟೆ ಮೈಯ ಹುಳುಗಳು ಕಾಣುತ್ತವೆ. ಅವು ಮನೆನೊಣದ ಮರಿಗಳಲ್ಲ, ಕಪ್ಪು ಸೈನಿಕ ನೊಣದವು. ಕಸವನ್ನು ವೇಗವಾಗಿ ತಿಂದು ಮುಗಿಸುತ್ತವೆ. ಆ ನೊಣ ಬೆಳೆದ ಮೇಲೆ ಅಡುಗೆಮನೆಗೆ ಬಂದು ಊಟದ ಮೇಲೆ ಕೂರುವುದಿಲ್ಲ. ಆದರೂ ಹುಳು ವಿಪರೀತ ಕಂಡರೆ ಮೇಲುಹೊದಿಕೆಯ ಎಲೆ ತೆಳುವಾಗಿದೆ ಎಂದು ತಿಳಿದು ಇನ್ನಷ್ಟು ಹಾಕಬೇಕು.

ಮಿಕ್ಕ ಎರಡು ಬ್ಲಾಕಿಗೆ ವಿಸ್ತರಿಸುವ ಪ್ರಶ್ನೆ ಬಂದಾಗ ತೊಡಕಾದದ್ದು ಹಣವಲ್ಲ, ಎಲೆ. ಒತ್ತಿ ತುಂಬಿದ ಒಂದು ಗೋಣಿಚೀಲದಲ್ಲಿ ಸುಮಾರು ಐದು ಬಕೆಟ್ ಪುಡಿ ಎಲೆ ಹಿಡಿಯುತ್ತದೆ. ಒಂದು ಬ್ಲಾಕಿಗೆ 90 ದಿನಕ್ಕೆ ಇಪ್ಪತ್ತು ಚೀಲದ ಲೆಕ್ಕ, ಮೂರು ಬ್ಲಾಕಿಗೆ ಅರವತ್ತು. ಮೈಸೂರಿನ ರಸ್ತೆಗಳಲ್ಲಿ ಎಲೆ ಉದುರುವುದು ಮುಖ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ. ಹೊಂಗೆ, ಮಳೆಮರ, ಗುಲ್‌ಮೊಹರ್ ಎಲೆ ಬಹಳ ಒಳ್ಳೆಯವು, ಬೇಗ ಕರಗುತ್ತವೆ. ಮಾವು, ತೇಗದ ಎಲೆ ದಪ್ಪ, ತುಳಿದು ಪುಡಿ ಮಾಡದೆ ಹಾಕಿದರೆ ಒಂದರ ಮೇಲೊಂದು ಅಂಟಿ ನೀರು ಹಿಡಿದಿಡುತ್ತವೆ. ಪೌರಕಾರ್ಮಿಕರು ಗುಡಿಸಿ ಗುಡ್ಡೆ ಹಾಕಿದ ಎಲೆಯನ್ನು ಅವರನ್ನೇ ಕೇಳಿ ತುಂಬಿಕೊಂಡರೆ ಅವರಿಗೂ ಹೊರುವ ಕೆಲಸ ತಪ್ಪುತ್ತದೆ, ಆದರೆ ಅದರೊಳಗಿನ ಗುಟ್ಕಾ ಪೊಟ್ಟಣ ಆರಿಸಬೇಕು. ಜೂನ್ ನಂತರ ಸಿಗುವ ಎಲೆ ಒದ್ದೆ, ಅದು ನೀರು ಹೀರುವುದಿಲ್ಲ. ಹಾಗಾಗಿ ಜನವರಿಯ ಸಭೆಯಲ್ಲಿ ಒಪ್ಪಿಗೆ, ಫೆಬ್ರವರಿಯಲ್ಲಿ ಆರಂಭ ಎಂಬುದೇ ಸರಿಯಾದ ಕಾಲ. ಮಳೆಗಾಲದಲ್ಲಿ ಶುರು ಮಾಡುವವರು ಎಲೆಯ ಬದಲು ಕೋಕೋಪೀಟ್ ಇಟ್ಟಿಗೆಯನ್ನು ಒಣಗಿದ್ದಾಗಲೇ ಪುಡಿ ಮಾಡಿ ಬಳಸಬಹುದು, ಇಲ್ಲವೇ ಮಂಡ್ಯ ಕಡೆಯಿಂದ ಕಬ್ಬಿನ ರವದಿ ತರಿಸಿ ಕೊಚ್ಚಿಸಬಹುದು. ಮರದ ಅಂಗಡಿಯ ಹೊಟ್ಟು ಕೂಡ ಆಗುತ್ತದೆ, ಆದರೆ ಪ್ಲೈವುಡ್ ಕೊಯ್ದ ಹೊಟ್ಟಿನಲ್ಲಿ ಅಂಟು ಇರುವುದರಿಂದ ಅದು ಬೇಡ.

90 ದಿನದ ನಂತರದ ಸಭೆಗೂ ಎರಡೇ ನಿಮಿಷ ಕೇಳಿ ಪಡೆದೆವು. ಅಲ್ಲಿ ಇಟ್ಟದ್ದು ದಿನದ ತೂಕದ ಪುಸ್ತಕ, ಸಹಿಯಾದ ದೂರಿನ ಪುಟ, ಖರ್ಚಿನ ರಸೀದಿಗಳು, ತೊಟ್ಟಿಯ ತಳದಿಂದ ತೆಗೆದು ಜರಡಿಯಾಡಿಸಿದ ಗೊಬ್ಬರ ಒಂದು ಚೀಲ, ಅದನ್ನು ಮಣ್ಣಿಗೆ ಬೆರೆಸಿ ಮೆಂತ್ಯ ಬಿತ್ತಿದ ಒಂದು ಕುಂಡ. ಗೊಬ್ಬರ ಮಾಗದಿದ್ದರೆ ಮೆಂತ್ಯ ಸರಿಯಾಗಿ ಮೊಳೆಯುವುದಿಲ್ಲ, ಮೊಳೆತರೂ ಹಳದಿಯಾಗುತ್ತದೆ. ಕುಂಡ ಹಸಿರಾಗಿತ್ತು. ಈ ಸಲ ಕೇಳಿದ್ದು ಬಿ ಬ್ಲಾಕಿಗೆ ಇನ್ನೊಂದು ತೊಟ್ಟಿ, ಮೇಲೆ ಶೀಟು, ಮತ್ತು ಎಲೆ ತುಂಬಿಡಲು ನಲವತ್ತು ಗೋಣಿಚೀಲ. ಸಿ ಬ್ಲಾಕಿನಲ್ಲಿ ಕವರು ಕಟ್ಟಿ ಹಾಕುವುದು ನಿಲ್ಲುವವರೆಗೆ ಅಲ್ಲಿಗೆ ತೊಟ್ಟಿ ಬೇಡ ಎಂಬುದನ್ನೂ ಅದೇ ನಿರ್ಣಯದಲ್ಲಿ ಬರೆಸಿದೆವು.